ಬಂಪರ್ ಟು ಬಂಪರ್ ಇದ್ದರೂ ನೀರು ಕುಡಿದ ಎಂಜಿನ್‌ಗೆ ಕ್ಲೇಮ್ ಯಾಕೆ ಸಿಗಲ್ಲ?

ಪ್ರಶ್ನೆ: ಹೋದ ವಾರದ ಮಳೆಗೆ ಅಂಡರ್‌ಪಾಸ್ ನೀರಲ್ಲಿ ನನ್ನ ಕಾರು ಆಫ್ ಆಯ್ತು. ನಾಲ್ಕೈದು ಸಲ ಸೆಲ್ಫ್ ಹೊಡೆದೆ, ಸ್ಟಾರ್ಟ್ ಆಗಲಿಲ್ಲ. ಬಂಪರ್ ಟು ಬಂಪರ್ ಇನ್ಶೂರೆನ್ಸ್ ಇದೆ, ಆದ್ರೂ ಎಂಜಿನ್‌ಗೆ ಕೊಡಲ್ಲ ಅಂತಿದ್ದಾರೆ. ಎಂಜಿನ್ ಪ್ರೊಟೆಕ್ಟ್ ಅಂತ ಇದ್ಯಂತಲ್ಲ, ಅದಿದ್ದಿದ್ರೆ ಸಿಗ್ತಿತ್ತಾ?

ಅದು ಇದ್ದಿದ್ದರೂ ಸಿಗುವುದು ಕಷ್ಟವಿತ್ತು. ಆ ನಾಲ್ಕೈದು ಸೆಲ್ಫ್ ಇದೆಯಲ್ಲ, ಕಗ್ಗಂಟು ಇರುವುದು ಅಲ್ಲೇ.

ನಾನು ಬೆಂಗಳೂರಿನ ಒಂದು ವರ್ಕ್‌ಶಾಪ್‌ನಲ್ಲಿ ಹಲವು ವರ್ಷ ಇನ್ಶೂರೆನ್ಸ್ ಡೆಸ್ಕ್ ನೋಡಿಕೊಂಡಿದ್ದೆ. ಮಳೆಗಾಲ ಬಂತೆಂದರೆ ನಮ್ಮ ಯಾರ್ಡ್ ತುಂಬಾ ಇಂಥವೇ ಗಾಡಿಗಳು. ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು, "ಫುಲ್ ಇನ್ಶೂರೆನ್ಸ್ ಇದೆ ಸರ್." ಬಂಪರ್ ಟು ಬಂಪರ್ ಅಂದರೆ ಗಾಡಿಯಲ್ಲಿರುವ ಎಲ್ಲದಕ್ಕೂ ಕವರ್ ಅಂತ ಅರ್ಥವಲ್ಲ. ಅದು ಬರೀ ಝೀರೋ ಡೆಪ್, ಅಂದರೆ ಪಾರ್ಟ್‌ಗಳ ಸವಕಳಿ ಕಡಿಯದೆ ಕೊಡುತ್ತಾರೆ ಅಷ್ಟೇ. ಯಾವ ನಷ್ಟಕ್ಕೆ ಮೂಲ ಪಾಲಿಸಿಯೇ ಕೊಡುವುದಿಲ್ಲವೋ ಅದಕ್ಕೆ ಝೀರೋ ಡೆಪ್ಪೂ ಕೊಡುವುದಿಲ್ಲ. ಆ ಹೆಸರನ್ನು ಮೊದಲು ಇಟ್ಟವರು ಯಾರೋ, ಜನರಿಗೆ ಒಳ್ಳೆಯದನ್ನಂತೂ ಮಾಡಲಿಲ್ಲ.

ಹಾಗಾದರೆ ಮೂಲ ಪಾಲಿಸಿಯಲ್ಲಿ ಪ್ರವಾಹ ಇಲ್ಲವಾ? ಇದೆ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಪ್ರವಾಹ, ಬಿರುಗಾಳಿ, ನೀರು ನುಗ್ಗುವುದು ಎಲ್ಲ ಇದೆ. ಆದರೆ ಅದೇ ಪಾಲಿಸಿಯಲ್ಲಿ ಇನ್ನೊಂದು ಕಡೆ, ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಬ್ರೇಕ್‌ಡೌನ್‌ಗೆ ಕೊಡುವುದಿಲ್ಲ, ಕಾನ್ಸಿಕ್ವೆನ್ಷಿಯಲ್ ಲಾಸ್‌ಗೆ ಕೊಡುವುದಿಲ್ಲ ಅಂತಲೂ ಇದೆ. ಘಟನೆ ಒಂದು, ಅದಾದ ಮೇಲೆ ಏನೋ ಮಾಡಿದ್ದರಿಂದ ಬೆಳೆದ ನಷ್ಟ ಇನ್ನೊಂದು. ಈ ಎರಡನೆಯದನ್ನೇ ಕಾನ್ಸಿಕ್ವೆನ್ಷಿಯಲ್ ಅನ್ನುತ್ತಾರೆ. ಗಾಡಿ ಕೆಟ್ಟ ಮೇಲೆ ರಿಪೇರಿ ಮಾಡಿಸದೆ ಓಡಿಸಿದರೆ ಮುಂದಿನ ಹಾನಿ ಮಾಲೀಕರದ್ದೇ ಅನ್ನುವ ಷರತ್ತೂ ಅಲ್ಲೇ ಇದೆ.

2022ರ ಸೆಪ್ಟೆಂಬರ್ ನೆನಪಿದೆಯಲ್ಲ, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳೇ ಮುಳುಗಿದ್ದು. ನಿಲ್ಲಿಸಿದ ಕಾರಿಗೆ ನೀರು ನುಗ್ಗಿದ್ದರೆ ಅದು ನೇರವಾಗಿ ಪ್ರವಾಹದ ನಷ್ಟ. ಸೀಟು, ಕಾರ್ಪೆಟ್, ವೈರಿಂಗ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಇವಕ್ಕೆ ಸಾಮಾನ್ಯವಾಗಿ ಮೂಲ ಪಾಲಿಸಿಯಲ್ಲೇ ದಾರಿ ಇರುತ್ತದೆ. ತಿರುಗದೆ ನಿಂತಿರುವ ಎಂಜಿನ್‌ಗೆ ನೀರು ಹೋದರೂ ಒಳಗೇನೂ ಮುರಿಯುವುದಿಲ್ಲ. ಬೇಗ ಬಿಚ್ಚಿ ನೀರು ತೆಗೆದು ತೊಳೆದರೆ ಎಷ್ಟೋ ಸಲ ಉಳಿಯುತ್ತದೆ. ಮುರಿಯುವುದು ತಿರುಗುತ್ತಿರುವ ಎಂಜಿನ್. ನೀರು ತುಂಬಿದ ರಸ್ತೆಗೆ ಇಳಿದವರ ಕಥೆ ಬೇರೆಯಾಗುವುದು ಅದಕ್ಕೇ.

ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. 1200 ಸಿಸಿ, ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಅಂದುಕೊಳ್ಳಿ. ಒಂದು ಸಿಲಿಂಡರ್‌ಗೆ 300 ಸಿಸಿ. ಕಂಪ್ರೆಷನ್ 10ಕ್ಕೆ 1 ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆ ಮೇಲೆ ಉಳಿಯುವ ಜಾಗ ಸುಮಾರು 33 ಸಿಸಿ. ಎರಡು ದೊಡ್ಡ ಚಮಚ ನೀರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಅರ್ಧದಲ್ಲೇ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ. ಕೆಳಗಿನಿಂದ ಕ್ರ್ಯಾಂಕ್ ತಳ್ಳುತ್ತಲೇ ಇರುತ್ತದೆ, ನಡುವೆ ಇರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದೇ ಹೈಡ್ರೋಸ್ಟ್ಯಾಟಿಕ್ ಲಾಕ್. ಡೀಸೆಲ್ ಎಂಜಿನ್‌ನಲ್ಲಿ ಕಂಪ್ರೆಷನ್ ಇನ್ನೂ ಜಾಸ್ತಿ, ಹಾಗಾಗಿ ಅಷ್ಟೇ ದೊಡ್ಡ ಸಿಲಿಂಡರ್‌ಗೆ ಇನ್ನೂ ಕಡಿಮೆ ನೀರು ಸಾಕು.

ನೀರು ಒಳಗೆ ಹೋಗುವುದು ಸೈಲೆನ್ಸರ್‌ನಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚಾಗಿ ಹೋಗುವುದು ಮುಂದಿನಿಂದ, ಏರ್ ಫಿಲ್ಟರ್ ದಾರಿಯಲ್ಲಿ. ಗಾಳಿ ಎಳೆಯುವ ಪೈಪಿನ ಬಾಯಿ ತುಂಬಾ ಕಾರುಗಳಲ್ಲಿ ಗ್ರಿಲ್ ಅಥವಾ ಹೆಡ್‌ಲೈಟ್ ಹಿಂದೆಯೇ ಇರುತ್ತದೆ. ನಿಂತ ನೀರು ಚಕ್ರದ ಅರ್ಧಕ್ಕಿದ್ದರೂ, ನೀವು ವೇಗವಾಗಿ ಹೋದರೆ ಮುಂದೆ ಏಳುವ ಅಲೆ ಅಲ್ಲಿಗೆ ಮುಟ್ಟುತ್ತದೆ. ನೀವು ನಿಧಾನಕ್ಕೆ ಹೋದರೂ ಎದುರಿಂದ ಬಸ್ಸೊಂದು ಬಂದರೆ ಅದರ ಅಲೆ ಸಾಕು.

ಈಗ ಎಂಜಿನ್ ಪ್ರೊಟೆಕ್ಟ್ ವಿಷಯ. ಇದೊಂದು ಆಡ್-ಆನ್, ಅಂದರೆ ಮೂಲ ಪಾಲಿಸಿಯ ಜೊತೆಗೆ ಬೇರೆಯಾಗಿ ಸೇರಿಸಿಕೊಳ್ಳುವ ಕವರ್. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ, ಕೆಲಸ ಹೆಚ್ಚುಕಡಿಮೆ ಒಂದೇ. ನೀರು ನುಗ್ಗಿ ಅಥವಾ ಅಡಿಗೆ ಕಲ್ಲು ತಾಗಿ ಆಯಿಲ್ ಸೋರಿ ಎಂಜಿನ್, ಗೇರ್‌ಬಾಕ್ಸ್ ಒಳಭಾಗಕ್ಕೆ ಆದ ಹಾನಿಗೆ ಕೊಡುತ್ತದೆ. ಮೂಲ ಪಾಲಿಸಿ ಕೊಡಲ್ಲ ಅನ್ನುವ ಜಾಗವನ್ನೇ ಇದು ತುಂಬುವುದು. ಆದರೆ ಇದಕ್ಕೂ ಅದರದೇ ಷರತ್ತುಗಳಿವೆ. ಗಾಡಿ ನೀರಲ್ಲಿ ನಿಂತಿತ್ತು ಅನ್ನುವುದಕ್ಕೆ ಗುರುತು ಬೇಕು, ಬೇಗ ತಿಳಿಸಬೇಕು, ತಡಮಾಡದೆ ವರ್ಕ್‌ಶಾಪ್‌ಗೆ ಸೇರಿಸಬೇಕು, ನೀರು ಹೋದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ಹಾನಿ ಜಾಸ್ತಿ ಮಾಡಿರಬಾರದು. ಕ್ಲೇಮ್ ಬೀಳುವುದು ಹೆಚ್ಚಾಗಿ ಈ ಕೊನೆಯದರಲ್ಲೇ.

ಒಂದೇ ಸಂಜೆ ಎರಡು ಗಾಡಿ ನಮ್ಮಲ್ಲಿಗೆ ಬಂದಿದ್ದವು. ಎರಡೂ 1200 ಸಿಸಿ ಪೆಟ್ರೋಲ್, ಎರಡರಲ್ಲೂ ಎಂಜಿನ್ ಪ್ರೊಟೆಕ್ಟ್ ಇತ್ತು.

ಮೊದಲನೆಯದು ಒಬ್ಬ ಮೇಡಂದು. ನೀರಲ್ಲಿ ಆಫ್ ಆದ ತಕ್ಷಣ ಕೀ ತೆಗೆದಿದ್ದರು, ಬಾಗಿಲ ಮಟ್ಟದ ನೀರಿನ ಎರಡು ಫೋಟೋ ಹೊಡೆದಿದ್ದರು, ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿದ್ದರು. ನ್ಯೂಟ್ರಲ್‌ನಲ್ಲಿ ತಳ್ಳಿಸಿ ಪಕ್ಕಕ್ಕೆ ಹಾಕಿ, ಫ್ಲಾಟ್‌ಬೆಡ್‌ನಲ್ಲಿ ತರಿಸಿದರು. ಹಾನಿ ಅಂದಾಜು ಮಾಡಲು ಇನ್ಶೂರೆನ್ಸ್ ಕಡೆಯಿಂದ ಬರುವ ಸರ್ವೇಯರ್ ಮುಂದೆ ಬಿಚ್ಚಿದಾಗ ಒಂದು ರಾಡ್ ಬಗ್ಗಿತ್ತು, ಓಡುತ್ತಿರುವಾಗಲೇ ಬಗ್ಗಿದ್ದು. ಬಿಲ್ಲು 1,08,500 ರೂಪಾಯಿ. ಅದರಲ್ಲಿ ಪಾರ್ಟ್ಸ್ 78,000, ಲೇಬರ್ 24,000, ಆಯಿಲ್ ಕೂಲೆಂಟ್ ಫಿಲ್ಟರ್ 6,500. ಅವರಿಗೆ ಝೀರೋ ಡೆಪ್ ಇರಲಿಲ್ಲ, ಗಾಡಿಗೆ ಮೂರು ವರ್ಷ ದಾಟಿತ್ತು. ಹಾಗಾಗಿ ಲೋಹದ ಪಾರ್ಟ್‌ಗೆ ಶೇ. 25 ಸವಕಳಿ, ಅಂದರೆ 19,500 ಕಡಿತ. ಆಯಿಲ್ ಕೂಲೆಂಟ್ ಕನ್ಸ್ಯೂಮಬಲ್ಸ್‌ಗೆ ಸೇರುತ್ತದೆ, ಅದು ಬೇರೆ ಆಡ್-ಆನ್, ಅವರಲ್ಲಿ ಇರಲಿಲ್ಲ. ಕಡ್ಡಾಯ ಕಡಿತ 1,000. ಎಲ್ಲ ಕಳೆದು 81,500 ಬಂತು, ಕೈಯಿಂದ ಹೋಗಿದ್ದು 27,000.

ಎರಡನೆಯವರು ಒಬ್ಬ ಹುಡುಗ. ಅವನ ಕಾರೂ ನೀರಲ್ಲಿ ನಿಂತಿತ್ತು. ಎರಡು ಸಲ ಸೆಲ್ಫ್, ಆಗಲಿಲ್ಲ. ಯಾರೋ ಸಹಾಯಕ್ಕೆ ಬಂದು "ಸೆಕೆಂಡ್ ಗೇರ್ ಹಾಕ್ಕೊಳ್ಳಿ, ತಳ್ತೀವಿ" ಅಂದಿದ್ದಾರೆ. ತಳ್ಳಿ ಸ್ಟಾರ್ಟ್ ಮಾಡುವುದೂ ಸೆಲ್ಫ್ ಹೊಡೆಯುವುದೂ ಎಂಜಿನ್‌ಗೆ ಒಂದೇ. ಕಾರು ಕೆಮ್ಮಿಕೊಂಡು ಸ್ಟಾರ್ಟ್ ಆಗಿ ಹತ್ತು ಸೆಕೆಂಡ್ ಓಡಿ, ಟಣ್ ಅಂತ ಸದ್ದು ಮಾಡಿ ನಿಂತಿತು. ಬಿಚ್ಚಿದರೆ ರಾಡ್ ತುಂಡಾಗಿ ಬ್ಲಾಕ್‌ಗೆ ತೂತು. ಕ್ಲೇಮ್ ಫಾರ್ಮ್‌ನಲ್ಲಿ ನಡೆದದ್ದೆಲ್ಲ ಬರೆದಿದ್ದ, ಸುಳ್ಳು ಬರೆಯಲಿಲ್ಲ ಪಾಪ. ಎಂಜಿನ್ ಭಾಗ ಪೂರ್ತಿ ತಿರಸ್ಕಾರವಾಯಿತು.

ಹಾಗಂತ ಸ್ಟಾರ್ಟ್ ಮಾಡಿಲ್ಲ ಅಂತ ಸುಳ್ಳು ಬರೆದಿದ್ದರೆ ಸಿಗುತ್ತಿತ್ತು ಅಂದುಕೊಳ್ಳಬೇಡಿ. ಸರ್ವೇಯರ್ ಏರ್ ಬಾಕ್ಸ್ ಬಿಚ್ಚುತ್ತಾರೆ, ಫಿಲ್ಟರ್ ಎಷ್ಟು ಒದ್ದೆ, ಕೆಸರಿನ ಗೆರೆ ಎಲ್ಲಿಯವರೆಗೆ ಅಂತ ನೋಡುತ್ತಾರೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಕೆಳಗಿಳಿದು ಬೆರೆತಿದೆ ಅಂತ ಅರ್ಥ. ಹೆಡ್ ತೆಗೆದು ನಾಲ್ಕೂ ಪಿಸ್ಟನ್ ಎಷ್ಟು ಮೇಲೆ ಬರುತ್ತವೆ ಅಂತ ಅಳೆದರೆ ರಾಡ್ ಬಗ್ಗಿದ್ದು ಸ್ವಲ್ಪ ಕೆಳಗೇ ನಿಲ್ಲುತ್ತದೆ. ನನ್ನನ್ನು ಕೇಳಿದರೆ, ಬಗ್ಗಿದ ರಾಡ್ ಒಂದನ್ನೇ ನೋಡಿ ಅದು ಓಡುವಾಗ ಆಗಿದ್ದೋ ಆಮೇಲೆ ಸೆಲ್ಫ್ ಹೊಡೆದಾಗ ಆಗಿದ್ದೋ ಅಂತ ಗ್ಯಾರಂಟಿ ಹೇಳುವುದು ಕಷ್ಟ. ಓಡುವ ಎಂಜಿನ್ ಹೊಡೆತಕ್ಕೆ ಬಗ್ಗುವ ಸಾಧ್ಯತೆಯೇ ಜಾಸ್ತಿ, ಸ್ಟಾರ್ಟರ್ ಮೋಟರ್‌ಗೆ ಅಷ್ಟು ಬಲ ಇರುವುದಿಲ್ಲ. ವಾದಕ್ಕೆ ಜಾಗ ಇರುವುದು ಇಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ನಿಮಗೆ ಬೇಕಾಗುತ್ತದೆ.

ಇನ್ನೊಂದು ವಿಷಯ, ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರುಗಳಿವೆಯಲ್ಲ, ಅಂಥ ಗಾಡಿಯಲ್ಲಿ ನೀರಿಗೆ ಇಳಿಯುವ ಮುಂಚೆಯೇ ಆ ಬಟನ್ ಆಫ್ ಮಾಡಿ. ನೀರಲ್ಲಿ ನಿಂತಾಗ ಅದಾಗಿಯೇ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವುದು ಬೇಡ.

ಈಗ ನಿಮ್ಮ ಗಾಡಿ. ಎಂಜಿನ್ ಇನ್ನೂ ಬಿಚ್ಚಿಲ್ಲದಿದ್ದರೆ ಸರ್ವೇ ಮುಗಿಯುವವರೆಗೆ ಯಾರಿಗೂ ಬಿಚ್ಚಲು ಬಿಡಬೇಡಿ, ಒದ್ದೆ ಫಿಲ್ಟರ್ ಎಸೆಯಲೂ ಬಿಡಬೇಡಿ. ಸರ್ವೇ ಆದ ಮೇಲೆ ಪ್ಲಗ್ ತೆಗೆಸಿ, ಕ್ರ್ಯಾಂಕ್ ಅನ್ನು ಪಾನಾದಲ್ಲಿ ಕೈಯಿಂದಲೇ ತಿರುಗಿಸಲು ಹೇಳಿ. ನೀರು ಚಿಮ್ಮಿ ಆಚೆ ಬಂದು ಎಂಜಿನ್ ಸಲೀಸಾಗಿ ತಿರುಗಿದರೆ, ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕರಲ್ಲೂ ಸಮ ಬಂದರೆ ನಿಮ್ಮ ಅದೃಷ್ಟ, ಆಯಿಲ್, ಫಿಲ್ಟರ್ ಬದಲಿಸಿ ತೊಳೆಯುವುದರಲ್ಲೇ ಮುಗಿಯಬಹುದು. ಸುಮ್ನೆ ಎಂಜಿನ್ ಹೋಯ್ತು ಅಂತ ಲಕ್ಷದ ಎಸ್ಟಿಮೇಟ್‌ಗೆ ಸಹಿ ಹಾಕಬೇಡಿ.

"ಕೊಡಲ್ಲ ಅಂತಿದ್ದಾರೆ" ಅಂದಿರಿ, ಬಾಯಿಮಾತಲ್ಲಾ ಕಾಗದದಲ್ಲಾ? ಕಾರಣ ಸಮೇತ ಬರಹದಲ್ಲಿ ಕೇಳಿ, ಸರ್ವೇ ರಿಪೋರ್ಟ್ ಪ್ರತಿಯನ್ನೂ ಕೇಳಿ. ಪಾಲಿಸಿ ಶೆಡ್ಯೂಲ್ ತೆಗೆದು ಆಡ್-ಆನ್ ಪಟ್ಟಿಯನ್ನು ನೀವೇ ಓದಿ, ಏಜೆಂಟ್ ವಾಟ್ಸಾಪ್‌ನಲ್ಲಿ ಹೇಳಿದ್ದನ್ನು ನಂಬಬೇಡಿ. ಎಂಜಿನ್ ಪ್ರೊಟೆಕ್ಟ್ ಅಲ್ಲಿ ಇದ್ದೂ ಕೊಡದಿದ್ದರೆ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ, ಫೀಸು ಇಲ್ಲ, ವಕೀಲರೂ ಬೇಡ.

ಆಡ್-ಆನ್ ಇಲ್ಲದಿದ್ದರೂ ಫೈಲ್ ಮುಚ್ಚಲು ಒಪ್ಪಬೇಡಿ. ತಿರಸ್ಕರಿಸಿದ್ದು ಎಂಜಿನ್ ಮಾತ್ರವಾ, ಪೂರ್ತಿ ಕ್ಲೇಮಾ ಅಂತ ಕೇಳಿ. ಒದ್ದೆಯಾದ ಕಾರ್ಪೆಟ್, ಸೀಟು, ವೈರಿಂಗ್, ಒಳಗಿನ ಕ್ಲೀನಿಂಗ್ ಇವು ಪ್ರವಾಹದ ಲೆಕ್ಕಕ್ಕೇ ಬರುತ್ತವೆ. ಆ ಹುಡುಗ ಎಂಜಿನ್ ಹೋದ ಬೇಜಾರಿನಲ್ಲಿ ಇದನ್ನು ಕೇಳಲೇ ಇಲ್ಲ, ನಾವೇ ಬೇರೆ ಎಸ್ಟಿಮೇಟ್ ಹಾಕಿ ಕಳಿಸಿದ ಮೇಲೆ ಅವನಿಗೆ ಒಳಗಿನ ಕೆಲಸಕ್ಕೆ ಹದಿನಾಲ್ಕು ಸಾವಿರ ಚಿಲ್ಲರೆ ಬಂತು.