ಬಿದಿರಿಗೆ ಆಯಿಲ್ ಹಚ್ಚುವ ಮುಂಚೆ

"ಹೋದ ವಾರ ಬಿದಿರು ಕಡಿಸಿದ್ದೇನೆ, ಕಟ್ಟಿಗೆ ಶೆಡ್ಡಿಗೆ. ಒಣಗಿದ ಮೇಲೆ ಸುಟ್ಟ ಆಯಿಲ್ ಹಚ್ಚಿ ಕಂಬ ಹೂಳುತ್ತೇನೆ. ಎಷ್ಟು ಕೋಟ್ ಬೇಕು?"

ಮಾರಾಯ್ರೇ, ಮೊದಲು ಆ ಗಳಗಳನ್ನು ಬಿಸಿಲಿನಿಂದ ಎತ್ತಿ. ಹಸಿ ಇರುವಾಗ ಮದ್ದು ಸಲೀಸಾಗಿ ಒಳಗೆ ಇಳಿಯುತ್ತದೆ, ಒಣಗಿದ ಮೇಲೆ ಕಷ್ಟ. ಆಯಿಲನ್ನಂತೂ ಬಿದಿರಿನ ಹೊರಸಿಪ್ಪೆ ಕುಡಿಯುವುದೇ ಇಲ್ಲ. ಬಿದಿರು ಕೊರೆಯುವ ಕುಟ್ಟೆ ಹುಳ ಹೊಕ್ಕುವುದು ಕಡಿದ ತುದಿಯಿಂದ, ಗೆಣ್ಣು ಸವರಿದ ಗಾಯದಿಂದ. ನಮ್ಮ ಭಾವ ಕೈಮೇಲೆ ಕೈ ಆಯಿಲ್ ಬಳಿದಿದ್ದರು. ಮುಂದಿನ ಬೇಸಿಗೆಗೆ ಹೊರಗೆ ಕರಿ ಮಿರಿಮಿರಿ, ಮೈತುಂಬ ಗುಂಡುಸೂಜಿ ತಲೆಯಷ್ಟು ತೂತು, ಗಳ ತಟ್ಟಿದರೆ ಕಡಲೆಹಿಟ್ಟಿನ ಹಾಗೆ ಪುಡಿ ಉದುರುತ್ತಿತ್ತು.

ಕೆರೆಯಲ್ಲಿ ನೆನೆಸಿ ಅನ್ನುವವರೂ ಇದ್ದಾರೆ. ಅರ್ಧ ಸರಿ. ಪಿಷ್ಟ ಬಿಟ್ಟುಕೊಂಡು ಕುಟ್ಟೆ ಕಡಿಮೆಯಾಗುತ್ತದೆ, ಗೆದ್ದಲು, ಬೂಸ್ಟು ನಿಲ್ಲುವುದಿಲ್ಲ.

ನಾನು ಹೇಳಿದ ಮದ್ದು ಇದು: 100 ಲೀಟರ್ ನೀರಿಗೆ 3 ಕೆಜಿ ಬೋರಾಕ್ಸ್, 2 ಕೆಜಿ ಬೋರಿಕ್ ಆಸಿಡ್. ಸ್ವಲ್ಪ ಬಿಸಿನೀರಲ್ಲಿ ಕರಗಿಸಿ ಸೇರಿಸಿ, ತಣ್ಣೀರಲ್ಲಿ ತಳಕ್ಕೆ ಕೂರುತ್ತದೆ. ತೋಟಕ್ಕೆ ಹಾಕುವ ಬೋರಾಕ್ಸೇ ಸಾಕು, "ಬಿದಿರು ಸ್ಪೆಷಲ್" ಡಬ್ಬಿಗೆ ದುಡ್ಡು ಸುರಿಯಬೇಡಿ. ಉದ್ದ ಸರಳು ತೂರಿಸಿ ಒಳಗಿನ ಗೆಣ್ಣುಗಳನ್ನೆಲ್ಲ ಒಡೆಯಲೇಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಗಳ ತೇಲುತ್ತದೆ, ಒಳಮೈಗೆ ಮದ್ದು ತಾಗುವುದಿಲ್ಲ. ಗುಂಡಿಗೆ ದಪ್ಪ ತಾಡಪಾಲು ಹಾಸಿ, ಕಲ್ಲು ಹೇರಿ, ಎರಡು ವಾರ ಮುಳುಗಿಸಿಡಿ. ಆಮೇಲೆ ನೆರಳಲ್ಲಿ ನಿಲ್ಲಿಸಿ ನಿಧಾನಕ್ಕೆ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಎಳೆ ಬಿದಿರಿದ್ದರೆ ಈ ಕಷ್ಟವೆಲ್ಲ ದಂಡ, ಮೂರು ವರ್ಷ ದಾಟಿದ್ದನ್ನೇ ಆರಿಸಿ. ಉಳಿದ ನೀರನ್ನು ಅಡಿಕೆ ಬುಡಕ್ಕೆ ಚೆಲ್ಲಬೇಡಿ, ಬೋರಾನ್ ಹೆಚ್ಚಾದರೆ ಎಲೆ ಅಂಚು ಸುಡುತ್ತದೆ. ದನ ಬಾಯಿ ಹಾಕದ ಹಾಗೆ ಮುಚ್ಚಿಟ್ಟು ಮುಂದಿನ ಗಳಗಳಿಗೆ ಬಳಸಿ.

ಒಂದು ಮಾತು ನೆನಪಿಡಿ, ಈ ಮದ್ದು ಮಳೆನೀರಿಗೆ ತೊಳೆದುಹೋಗುತ್ತದೆ. ಅದಕ್ಕೇ ಕಂಬ ಹೂಳುವ ಯೋಚನೆ ಬಿಡಿ. ಮಣ್ಣು ಮುಟ್ಟಿದ ಬಿದಿರು ಬುಡದಲ್ಲೇ ಕೊಳೆಯುತ್ತದೆ. ಒಂದೂವರೆ ಅಡಿ ಎತ್ತರದ ಕಾಂಕ್ರೀಟ್ ದಿಂಡಿನಿಂದ ಸರಳು ಎಬ್ಬಿಸಿ, ಅದರ ಮೇಲೆ ಗಳ ಇಳಿಸಿ, ಬುಡದ ಟೊಳ್ಳಿಗೆ ಸಿಮೆಂಟ್ ಗಾರೆ ತುಂಬಿ. ಸೂರನ್ನು ಎರಡೂವರೆ ಮೂರು ಅಡಿ ಹೊರಗೆ ಚಾಚಿ, ಎರಚಲು ತಾಗಬಾರದು.

ಮೊಳೆ ಹೊಡೆಯುತ್ತೀರೇನೋ ಅಂತ ಭಯ. ಬೇಡವೇ ಬೇಡ, ಉದ್ದಕ್ಕೆ ಸೀಳುತ್ತದೆ. ಕಂಬದ ತಲೆಯನ್ನು ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ, ಅಡ್ಡ ಗಳ ಕೂರುವಷ್ಟು ಗುಂಡಗೆ ಕಚ್ಚು ತೆಗೆಯಿರಿ. ಡ್ರಿಲ್ ಹಾಕಿ 10 ಎಂಎಂ ಬೋಲ್ಟು, ಎರಡೂ ಕಡೆ ದೊಡ್ಡ ವಾಷರ್. ಬೋಲ್ಟು ದಾಟುವ ಟೊಳ್ಳಿಗೆ ಗಾರೆ ತುಂಬದೆ ನಟ್ ಬಿಗಿದರೆ ಗೋಡೆ ಜಜ್ಜಿಹೋಗುತ್ತದೆ. ತೆಂಗಿನ ಹಗ್ಗ ಬರೀ ಪಕಾಸಿಗೆ ಸಾಕೆಂದು ನನ್ನ ಲೆಕ್ಕ, ತಂತಿಯೇ ಬೇಕು ಅನ್ನುವ ಬಡಗಿಗಳೂ ಇದ್ದಾರೆ. ಶೀಟ್ ಮಾಡಾದರೆ ಗಾಳಿ ಮೇಲಕ್ಕೆ ಎತ್ತುತ್ತದೆ, ಆಗ ಪಕಾಸಿಗೂ ಬೋಲ್ಟೇ ಹಾಕಿ. ನಿಮ್ಮದು ಹೆಂಚೋ ಶೀಟೋ?