ಮೆರುಗು ಕೊಟ್ಟ ಲೇಖನದಲ್ಲಿ ತಪ್ಪು ಅಡಗಿರುವುದು ಎಲ್ಲಿ?

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಗೆ ಬಂದ ಲೇಖನಗಳನ್ನೆಲ್ಲ ಭಾಷೆ ತಿದ್ದಿ ಅಂದ ಮಾಡಿಟ್ಟಿದ್ದೇವೆ. ಅಚ್ಚಿಗೆ ಕಳಿಸೋಕೆ ಎರಡೇ ದಿನ ಇದೆ. ಇಲ್ಲದ ಸಂಗತಿ, ತಪ್ಪು ಅಂಕಿ, ಆಧಾರವಿಲ್ಲದ ಮಾತು ನುಸುಳಿದ್ದರೆ ಹಿಡಿಯೋದು ಹೇಗೆ?

ಉತ್ತರ: ಮೊದಲು ಭಾಷೆ ತಿದ್ದುವ ಮುಂಚಿನ ಪ್ರತಿಗಳನ್ನು ಹುಡುಕಿ ತೆಗೆದಿಡಿ. ನಾನು ಒಂದು ಪತ್ರಿಕೆಯ ಡೆಸ್ಕಿನಲ್ಲಿ ಹಲವು ವರ್ಷ ಕೂತವನು. ತಪ್ಪುಗಳಲ್ಲಿ ಅರ್ಧದಷ್ಟನ್ನು ಲೇಖಕರು ಮಾಡಿರುವುದೇ ಇಲ್ಲ, ತಿದ್ದಿದ ನಾವೇ ಮಾಡಿರುತ್ತೇವೆ ಅನ್ನೋದು ನನ್ನ ಅನುಭವ. ವಾಕ್ಯ ಓಡಲಿ ಅಂತ ‘ಸುಮಾರು’ ಕಿತ್ತು ಹಾಕುತ್ತೇವೆ. ‘ಮೊದಲನೆಯವುಗಳಲ್ಲಿ ಒಂದು’ ಅಂತಿದ್ದದ್ದು ‘ಮೊದಲನೆಯದು’ ಆಗಿಬಿಡುತ್ತದೆ. ಎರಡು ವಾಕ್ಯ ಕೂಡಿಸುವಾಗ, ಒಬ್ಬರು ಮಾಡಿದ ಕೆಲಸ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು, ಅರ್ಥ ಬದಲಾದ ಕಡೆಯೆಲ್ಲ ಗುರುತು ಹಾಕಿ. ಒಂದು ಗಂಟೆಯ ಕೆಲಸ ಅಷ್ಟೆ.

ಆಮೇಲೆ ಲೇಖನವನ್ನು ಕಾಗದದ ಮೇಲೆ, ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆಯಿರಿ. ಕೊನೆಯ ಪ್ಯಾರಾದಿಂದ ಹಿಂದಕ್ಕೆ ಓದುತ್ತಾ ಬನ್ನಿ. ಮುಂದಿನಿಂದ ಓದಿದರೆ ಕಥೆ ಎಳೆದುಕೊಂಡು ಹೋಗುತ್ತದೆ, ಅನುಮಾನ ಹುಟ್ಟುವುದೇ ಇಲ್ಲ. ಹೆಸರು, ಇಸವಿ, ಅಂಕಿ, ಉಲ್ಲೇಖ ಚಿಹ್ನೆಯೊಳಗಿನ ಮಾತು, ‘ಮೊದಲ’, ‘ಅತಿ ದೊಡ್ಡ’, ‘ಇದರಿಂದಾಗಿ’ ಇವುಗಳ ಕೆಳಗೆಲ್ಲ ಗೆರೆ ಎಳೆಯಿರಿ. ಗೆರೆ ಬಿದ್ದ ಪ್ರತಿಯೊಂದಕ್ಕೂ ಇದು ಎಲ್ಲಿಂದ ಬಂತು ಅಂತ ಅಂಚಿನಲ್ಲಿ ಬರೆಯಬೇಕು. ಬರೆಯಲು ಏನೂ ಸಿಗದಿದ್ದರೆ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ.

ಒಮ್ಮೆ ನನ್ನ ಕೈಗೆ ಬಂದ ಲೇಖನದಲ್ಲಿ ಹೆಚ್ಚುಕಡಿಮೆ ಹೀಗಿತ್ತು: ‘ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ 1902ರಲ್ಲಿ ಶಿವನಸಮುದ್ರದಲ್ಲಿ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಅಲ್ಲಿಂದ 147 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್, ಅದೇ ವರ್ಷ ಬೆಂಗಳೂರನ್ನೂ ಬೆಳಗಿತು.’ ಎಷ್ಟು ಚೆನ್ನಾಗಿದೆ ಅಲ್ವಾ? ಒಂದು ಅಕ್ಷರ ತಿದ್ದಬೇಕು ಅನ್ನಿಸುವುದಿಲ್ಲ. ಆದರೆ ಎರಡೇ ವಾಕ್ಯದಲ್ಲಿ ನಾಲ್ಕು ತಪ್ಪು.

ವಿಶ್ವೇಶ್ವರಯ್ಯನವರ ವಿಷಯ ಹಿಡಿಯೋಕೆ ವಿದ್ಯುತ್ತಿನ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ಇಸವಿ ಪಕ್ಕ ಇಸವಿ ಇಟ್ಟರೆ ಸಾಕು. ಅವರು ಮೈಸೂರು ಸಂಸ್ಥಾನಕ್ಕೆ ಚೀಫ್ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. 1902ರಲ್ಲಿ ಅವರು ಇನ್ನೂ ಮುಂಬಯಿ ಸರ್ಕಾರದ ಕೆಲಸದಲ್ಲಿದ್ದರು. ಶಿವನಸಮುದ್ರದ ಯೋಜನೆ ಕೈಗೆತ್ತಿಕೊಂಡದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. ನಮ್ಮ ನಾಡಿನಲ್ಲಿ ಯಾವ ಹಳೇ ಕಟ್ಟೆ, ಕಾರ್ಖಾನೆ ಕಂಡರೂ ಅದು ವಿಶ್ವೇಶ್ವರಯ್ಯನವರದೇ ಅನ್ನೋ ಅಭ್ಯಾಸ ಇದೆ. ದೊಡ್ಡ ಹೆಸರು ಸಣ್ಣ ಹೆಸರನ್ನು ನುಂಗುತ್ತದೆ. ಗುರುತಿಗೆ ಬಾರದ ಹೆಸರಿಗಿಂತ ಎಲ್ಲರಿಗೂ ಗೊತ್ತಿರುವ ಹೆಸರಿನ ಮೇಲೆ ಜಾಸ್ತಿ ಅನುಮಾನ ಇರಲಿ. ಹಾಗಂತ ‘ಶೇಷಾದ್ರಿ ಅಯ್ಯರ್ ಉದ್ಘಾಟನೆಯಲ್ಲಿ ಸಂತೋಷಪಟ್ಟರು’ ಅಂತ ತಿದ್ದಿದರೂ ತಪ್ಪೇ. ಅವರು 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಕೇಂದ್ರ ಶುರುವಾದದ್ದು 1902ರ ಜೂನ್‌ನಲ್ಲಿ.

147ರ ಪಕ್ಕ ಇದ್ದ ‘ಮೈಲಿ’ ನನಗೆ ಅನುಮಾನ ತಂದದ್ದು ನಕ್ಷೆಯಿಂದ. 147 ಮೈಲಿ ಅಂದರೆ 235 ಕಿಲೋಮೀಟರಿಗೂ ಜಾಸ್ತಿ. ಶಿವನಸಮುದ್ರದಿಂದ ಕೆಜಿಎಫ್ ಅಷ್ಟು ದೂರ ಇಲ್ಲ. ಆ ತಂತಿ ಮಾರ್ಗದ ಉದ್ದ ಸುಮಾರು 92 ಮೈಲಿ. ಅದನ್ನು 1.6ರಿಂದ ಗುಣಿಸಿದರೆ 147. ಅಂಕಿ ಸರಿ, ಅಳತೆಯ ಹೆಸರು ತಪ್ಪು. ಹಳೇ ಪ್ರತಿ ನೋಡಿದೆ. ಲೇಖಕರು ‘147 ಕಿ.ಮೀ.’ ಅಂತಲೇ ಬರೆದಿದ್ದರು. ಹಳೇ ಕಾಲದ ಕಥೆಗೆ ಮೈಲಿ ಒಪ್ಪುತ್ತದೆ ಅಂತ ನಮ್ಮವರೇ ಪದ ಬದಲಿಸಿ, ಅಂಕಿ ಹಾಗೇ ಬಿಟ್ಟಿದ್ದರು. ಮೈಲಿ-ಕಿಲೋಮೀಟರ್, ಎಕರೆ-ಹೆಕ್ಟೇರ್, ಲಕ್ಷ-ಮಿಲಿಯನ್ ಇರುವ ಕಡೆಯೆಲ್ಲ ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ.

ಬೆಂಗಳೂರಿನ ದೀಪದ ತಪ್ಪು ಹುಟ್ಟಿದ್ದು ಎರಡು ವಾಕ್ಯ ಕೂಡಿಸಿದ್ದರಿಂದ. ಕರೆಂಟು ಮೊದಲು ಹೋದದ್ದು ಗಣಿಗೆ. ಬೆಂಗಳೂರಿನ ಬೀದಿಗೆ ಬಂದದ್ದು 1905ರ ಆಗಸ್ಟಿನಲ್ಲಿ. ‘ಅದೇ ವರ್ಷ’, ‘ಕೂಡಲೇ’, ‘ಆಮೇಲೆ’ ಇಂಥ ಕೊಂಡಿಗಳ ಕೆಳಗೆ ಗೆರೆ ಎಳೆಯೋದನ್ನು ಎಲ್ಲರೂ ಮರೆಯುತ್ತಾರೆ. ಅಂಕಿ ಕಾಣುವುದಿಲ್ಲ, ಆದರೆ ಅಲ್ಲೂ ಒಂದು ಇಸವಿ ಅಡಗಿದೆ.

ಇನ್ನು ‘ಏಷ್ಯಾದ ಮೊದಲ’. ಇದಕ್ಕೇ ನನ್ನ ಅರ್ಧ ದಿನ ಹೋಯಿತು. ಹುಡುಕಿದರೆ ಎಲ್ಲ ಕಡೆಯೂ ಅದೇ ಮಾತು. ಒಂದು ಕಡೆಯ ಅಕ್ಷರ ತಪ್ಪು ಸಹ ಇನ್ನೊಂದು ಕಡೆ ಹಾಗೇ ಇತ್ತು. ಅಂದರೆ ಒಬ್ಬರನ್ನು ನೋಡಿ ಒಬ್ಬರು ಬರೆದದ್ದು. ಹತ್ತು ಕಡೆ ಸಿಕ್ಕರೂ ಅದು ಒಂದೇ ಆಧಾರ. ಇಂಥ ಮಾತನ್ನು ‘ಸರಿಯೇ?’ ಅಂತ ಹುಡುಕಬೇಡಿ. ‘ಇದಕ್ಕಿಂತ ಹಳೆಯದು ಎಲ್ಲಿದೆ?’ ಅಂತ ಹುಡುಕಿ. ಹಾಗೆ ಹುಡುಕಿದಾಗ ಎರಡು ಸಿಕ್ಕವು. ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ ಕೇಂದ್ರ 1897ರದು. ಜಪಾನಿನ ಕ್ಯೋಟೋದ ಕೆಯಾಗೆ ಕೇಂದ್ರ 1891ರದು. ಏಷ್ಯಾ ಹೋಯಿತು, ಭಾರತವೂ ಹೋಯಿತು. ಸಿದ್ರಾಪಾಂಗ್ ಬಹಳ ಸಣ್ಣದು, ಶಿವನಸಮುದ್ರ ಅದರ ಮುಂದೆ ದೊಡ್ಡದು ಅನ್ನೋದು ನಿಜ. ಆದ್ದರಿಂದ ‘ದೇಶದ ಮೊದಲ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದು’ ಅಂತ ಹಾಕಿದೆವು. ಲೇಖಕರಿಗೆ ಸ್ವಲ್ಪ ಬೇಜಾರಾಯಿತು. ಊರಿನ ಅಭಿಮಾನ ನೋಡಿ!

ಇಲ್ಲಿ ಒಂದು ಕಳ್ಳದಾರಿ ಇದೆ, ನಾವೆಲ್ಲರೂ ಹಿಡಿದದ್ದೇ: ಅನುಮಾನ ಬಂದ ಕಡೆ ಸುಮ್ನೆ ‘ಎನ್ನಲಾಗಿದೆ’ ಸೇರಿಸಿಬಿಡೋದು. ಅದರಿಂದ ತಪ್ಪು ಸರಿಯಾಗುವುದಿಲ್ಲ, ಹೇಳಿದವರು ಯಾರು ಅನ್ನೋದು ಮರೆಯಾಗುತ್ತದೆ ಅಷ್ಟೆ. ಹೇಳಿದವರು ಗೊತ್ತಿದ್ದರೆ ಹೆಸರು ಹಾಕಿ. ಗೊತ್ತಿಲ್ಲದಿದ್ದರೆ ವಾಕ್ಯ ತೆಗೆಯಿರಿ. ಎರಡು ಒಳ್ಳೆಯ ಆಧಾರಗಳು ತಾರೀಕಿನಲ್ಲಿ ಜಗಳವಾಡಿದರೆ, ಎರಡೂ ಒಪ್ಪುವ ತಿಂಗಳು ಅಥವಾ ಇಸವಿ ಇಟ್ಟುಕೊಂಡು ದಿನ ಬಿಟ್ಟುಬಿಡಿ. ಇಂಥ ವಿಷಯಕ್ಕೆ ಹಳೇ ಮೈಸೂರು ಗೆಜೆಟಿಯರ್, ಆಡಳಿತ ವರದಿಗಳು ವೆಬ್ ಪುಟಗಳಿಗಿಂತ ಎಷ್ಟೋ ಮೇಲು.

ಎರಡೇ ದಿನದಲ್ಲಿ ಎಲ್ಲವನ್ನೂ ನೋಡೋಕಾಗಲ್ಲ. ಹಾಗಾಗಿ ಬದುಕಿರುವವರ ಬಗ್ಗೆ ಬರೆದದ್ದನ್ನು ಮೊದಲು ನೋಡಿ, ಆಮೇಲೆ ದುಡ್ಡಿನ ಅಂಕಿ, ಆಮೇಲೆ ಉಲ್ಲೇಖ ಚಿಹ್ನೆಯ ಮಾತುಗಳು, ಕೊನೆಗೆ ‘ಮೊದಲ, ಅತಿ ದೊಡ್ಡ’. ಉಲ್ಲೇಖಕ್ಕೆ ಒಂದೇ ಪ್ರಶ್ನೆ: ಯಾರಿಗೆ, ಎಲ್ಲಿ, ಯಾವಾಗ ಹೇಳಿದ್ದು? ಅದೇ ಲೇಖನದಲ್ಲಿ ಶೇಷಾದ್ರಿ ಅಯ್ಯರ್ ಬಾಯಲ್ಲಿ ಸೊಗಸಾದ ಒಂದು ಕನ್ನಡ ವಾಕ್ಯವಿತ್ತು. ಲೇಖಕರಿಗೆ ಫೋನ್ ಮಾಡಿ, ‘ಸಾರ್, ಈ ಮಾತು ಎಲ್ಲಿ ಓದಿದಿರಿ?’ ಅಂದೆ. ಒಂದು ಕ್ಷಣ ಸುಮ್ಮನಿದ್ದರು. ‘ಓದಿದ್ದಲ್ಲಪ್ಪಾ, ಅವರು ಹಾಗೆ ಅಂದಿರಬೇಕು ಅನ್ನಿಸಿ ಬರೆದೆ’ ಅಂದರು. ಉಲ್ಲೇಖ ಚಿಹ್ನೆಯನ್ನಷ್ಟೇ ಕಿತ್ತು ಮಾತು ಉಳಿಸೋಣವಾ ಅಂತ ಕೇಳಿದರು. ನಾನು ಆ ವಾಕ್ಯವನ್ನೇ ಹೊಡೆದು ಹಾಕಿದೆ. ಪುಟದಲ್ಲಿ ಎರಡು ಸಾಲು ಜಾಗ ಉಳಿಯಿತು, ಅಲ್ಲಿದ್ದ ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿದೆವು.