ರೇಟ್ ಹೇಳುವ ಮೊದಲು ಕಳೆದ ಶನಿವಾರದ ಕಥೆ ಕೇಳಿ

ತೀರ್ಥಹಳ್ಳಿಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುತ್ತೇನೆ. ಹೊಸಬರು ಫೋನ್ ಎತ್ತಿದ ಕೂಡಲೇ 'ಎಷ್ಟಾಗುತ್ತೆ?' ಅಂತಾರೆ. ರೇಟ್ ಹೇಳುವ ಮೊದಲು ಏನು ಕೇಳಬೇಕು?

ಈ ಪ್ರಶ್ನೆ ಮುಗಿಯುವುದೇ ಇಲ್ಲ. ಮೊದಲ ಮಾತಿಗೇ ಬಜೆಟ್ ಕೇಳಿ ಎಂದು ವಿಡಿಯೊಗಳಲ್ಲಿ ಪಾಠ ಮಾಡುವವರಿದ್ದಾರೆ. ನಮ್ಮ ಕಡೆ ಹಾಗೆ ಕೇಳಿದರೆ 'ನೀವೇ ಹೇಳಿ ಮಾರಾಯ್ರೆ' ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಅದರ ಬದಲು, ಅವರಲ್ಲಿಗೆ ಕೊನೆಯದಾಗಿ ಬಂದ ಗಿರಾಕಿ ಹೇಗೆ ಬಂದರು ಎಂದು ಕೇಳಿ. ಮೊದಲಿಂದ ಹೇಳಿಸಿ, ಮಧ್ಯೆ ಬಾಯಿ ಹಾಕಬೇಡಿ.

ಆಗುಂಬೆ ಕಡೆಯ ಆರು ಕೋಣೆಯ ಒಂದು ಹೋಂಸ್ಟೇ ಎಂದಿಟ್ಟುಕೊಳ್ಳಿ. ಮಾಲೀಕರು ಕೇಳುವುದು ಐದು ಪುಟದ ವೆಬ್‌ಸೈಟ್. ಕಳೆದ ಶನಿವಾರದ ಕಥೆ ಕೇಳಿದರೆ ಬೇರೆಯೇ ವಿಷಯ ಹೊರಬರುತ್ತದೆ. ಬೆಂಗಳೂರಿನವರು ವಾಟ್ಸಾಪ್‌ನಲ್ಲಿ ಕೋಣೆ ಕೇಳಿ ಅಡ್ವಾನ್ಸ್ ಹಾಕಿದ್ದಾರೆ. ಮಾಲೀಕರು ತೋಟದಲ್ಲಿದ್ದರು, ನೆಟ್‌ವರ್ಕ್ ಇಲ್ಲ. ಸಂಜೆ ನೋಡುವಷ್ಟರಲ್ಲಿ ಅದೇ ಕೋಣೆ ಬುಕಿಂಗ್ ಆ್ಯಪ್‌ನಲ್ಲಿ ಬೇರೆಯವರಿಗೆ ಹೋಗಿದೆ. ಇವರಿಗೆ ಬೇಕಾಗಿರುವುದು ಪುಟಗಳಲ್ಲ, ಎಲ್ಲ ಬುಕಿಂಗ್ ಒಂದೇ ಕಡೆ ಕಾಣುವ ಕ್ಯಾಲೆಂಡರ್.

ಮುಂದಿನ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ. ಯಾವ್ಯಾವ ಆ್ಯಪ್‌ನಲ್ಲಿ ಕೋಣೆ ಹಾಕಿದ್ದೀರಿ? ಒಂದು ಕಡೆಯ ಬುಕಿಂಗ್ ಇನ್ನೊಂದು ಕಡೆಗೆ ತೋರಿಸುವ ಐಕ್ಯಾಲ್ ಲಿಂಕ್‌ನಿಂದ ಕ್ಯಾಲೆಂಡರ್ ಜೋಡಿಸುವುದು ಅಗ್ಗ, ಆದರೆ ಅದು ಆ ಕ್ಷಣಕ್ಕೇ ಬದಲಾಗುವುದಿಲ್ಲ. ಕೆಲವೊಮ್ಮೆ ಗಂಟೆಗಟ್ಟಲೆ ತಡ. ಅಷ್ಟರಲ್ಲಿ ಒಂದೇ ಕೋಣೆ ಇಬ್ಬರಿಗೆ ಹೋಗಬಹುದು. ತಕ್ಷಣ ಬದಲಾಗಬೇಕೆಂದರೆ ಎಲ್ಲ ಆ್ಯಪ್‌ಗಳ ಬುಕಿಂಗ್ ಒಟ್ಟಿಗೆ ನೋಡಿಕೊಳ್ಳುವ ಚಾನೆಲ್ ಮ್ಯಾನೇಜರ್ ಎಂಬ ಸಾಫ್ಟ್‌ವೇರ್ ಬೇಕು. ಅದಕ್ಕೆ ಸಾಮಾನ್ಯವಾಗಿ ತಿಂಗಳ ಬಾಡಿಗೆ ಇರುತ್ತದೆ, ಅದನ್ನು ಕಟ್ಟುವವರು ಯಾರು? ಬುಕಿಂಗ್ ಕ್ಯಾನ್ಸಲ್ ಆದರೆ ಎಷ್ಟು ವಾಪಸ್? ಪೇಮೆಂಟ್ ಗೇಟ್‌ವೇ ಹಿಡಿದುಕೊಳ್ಳುವ ಕಮಿಷನ್ ಯಾರ ಲೆಕ್ಕಕ್ಕೆ? ನೆಟ್‌ವರ್ಕ್ ಇಲ್ಲದಾಗ ಬುಕಿಂಗ್ ನೋಡುವವರು ಯಾರು? ಐದು ಪುಟ ಕೆಲವೇ ದಿನದ ಕೆಲಸ, ಇದು ವಾರಗಟ್ಟಲೆ. ಫೋನ್ ಎತ್ತಿದ ಕೂಡಲೇ ಹೇಳಿದ ರೇಟ್ ಇದಕ್ಕೆ ಹೇಗೆ ಸಾಲುತ್ತದೆ?

ಕೊನೆಗೆ, ಒಪ್ಪಿಗೆ ಕೊಡುವವರು ಯಾರು ಎಂದು ಕೇಳಿ. ಮಗ ಬೆಂಗಳೂರಿನಲ್ಲಿದ್ದು 'ಅವನನ್ನೊಮ್ಮೆ ಕೇಳ್ತೀನಿ' ಎಂದರೆ, ಮಗನನ್ನೂ ಕಾಲ್‌ಗೆ ಸೇರಿಸುವವರೆಗೆ ರೇಟ್ ಬರೆಯಬೇಡಿ.

'ಸುಮ್ನೆ ಒಂದು ಅಂದಾಜು ಹೇಳಿ' ಎಂದು ಜಾಸ್ತಿ ಒತ್ತಾಯಿಸಿದರೂ ನಾನು ಹೇಳುವುದಿಲ್ಲ. ಇಪ್ಪತ್ತರಿಂದ ಅರವತ್ತು ಸಾವಿರ ಎಂದರೆ ಅವರಿಗೆ ನೆನಪಿರುವುದು ಇಪ್ಪತ್ತು ಮಾತ್ರ. ಎರಡು ದಿನದಲ್ಲಿ ಬರೆದು ಕಳಿಸುತ್ತೇನೆ ಎನ್ನಿ. ಅಷ್ಟಕ್ಕೂ ಕಾಯದವರು ಆಮೇಲೆ ಬಿಲ್‌ಗೂ ತಕರಾರು ತೆಗೆಯುತ್ತಾರೆ ಅನ್ನುವುದು ನನ್ನ ಅನುಮಾನ.

ಮೊದಲ ಕಾಲ್‌ಗೆ ದುಡ್ಡು ತಗೊಳ್ಳಬಹುದಾ?

ಅರ್ಧ ಗಂಟೆಯ ಮಾತಿಗೆ ಬೇಡ, ಘಾಟಿ ಹತ್ತಿ ಬನ್ನಿ ಎಂದರೆ ತಗೊಳ್ಳಿ.

ಡೊಮೇನ್ ನನ್ನ ಹೆಸರಲ್ಲೇ ಇಟ್ಟುಕೊಂಡರೆ ಗಿರಾಕಿ ಬಿಟ್ಟು ಹೋಗಲ್ಲವಂತೆ, ಹೌದಾ?

ಇದು ಕಳ್ಳಬುದ್ಧಿ. ಹಳೆಯ ಡೊಮೇನ್ ಇದ್ದರೆ ಅದು ಯಾರ ಹೆಸರಲ್ಲಿದೆ, ಲಾಗಿನ್ ಯಾರ ಬಳಿ ಇದೆ ಎಂದು ಮೊದಲ ಕಾಲ್‌ನಲ್ಲೇ ಕೇಳಿ. ನಿಮ್ಮಂಥವರೇ ಯಾರೋ ಹಿಡಿದಿಟ್ಟುಕೊಂಡಿದ್ದರೆ, ಅದನ್ನು ಬಿಡಿಸಿಕೊಳ್ಳುವ ಕೆಲಸಕ್ಕೂ ರೇಟ್ ಹಾಕಬೇಕು.